ಪ್ರೊಫೆಸರ್ ಬರೆದ ಶಿಫಾರಸು ಪತ್ರದಲ್ಲಿ ಬರೀ ಹೊಗಳಿಕೆ ಇದೆ, ಹೇಗೆ ತಿದ್ದೋದು?

ಲ್ಯಾಬ್‌ಮೂಲೆ

ನಮ್ಮ ವಿಭಾಗದ ಹಿರಿಯ ಪ್ರೊಫೆಸರ್ ಒಬ್ಬರು ವಿದ್ಯಾರ್ಥಿನಿಯೊಬ್ಬಳಿಗೆ ರೆಕಮೆಂಡೇಶನ್ ಲೆಟರ್ ಬರೆದಿದ್ದಾರೆ. ಅವಳು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಪ್ರಾಜೆಕ್ಟಿಗೆ ದಿನನಿತ್ಯದ ಗೈಡ್ ನಾನೇ ಆಗಿದ್ದೆ. ಹಾಗಾಗಿ ಸರ್ ಡ್ರಾಫ್ಟ್ ಕಳಿಸಿ, "ನೀವೇ ಸ್ವಲ್ಪ ತಿದ್ದಿ ಕೊಡಿ, ನಾನು ನೋಡಿ ಸೈನ್ ಹಾಕ್ತೀನಿ" ಎಂದಿದ್ದಾರೆ. ಮೂಲ ಇಂಗ್ಲಿಷಿನಲ್ಲಿದೆ. ಮುಖ್ಯ ಭಾಗವನ್ನು ಕನ್ನಡದಲ್ಲಿ ಹಾಕುತ್ತಿದ್ದೇನೆ, ಹೆಸರು ತೆಗೆದಿದ್ದೇನೆ.

> ಇವರನ್ನು ನಾನು ಎರಡು ವರ್ಷಗಳಿಂದ ಬಲ್ಲೆ. ಇವರು ಅತ್ಯಂತ ಶ್ರದ್ಧೆಯ, ಪರಿಶ್ರಮದ, ಪ್ರತಿಭಾವಂತ ವಿದ್ಯಾರ್ಥಿನಿ. ಯಾವಾಗಲೂ ಕೆಲಸವನ್ನು ಸಮಯಕ್ಕೆ ಸರಿಯಾಗಿ ಮುಗಿಸುತ್ತಾರೆ. ಇವರ ವಿಶ್ಲೇಷಣಾ ಶಕ್ತಿ ಅಸಾಧಾರಣವಾದದ್ದು. ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಅತ್ಯುತ್ತಮ ಕೆಲಸ ಮಾಡಿದ್ದಾರೆ. ಎಲ್ಲರೊಂದಿಗೆ ಹೊಂದಿಕೊಂಡು ಹೋಗುವ ಸ್ವಭಾವ. ಇವರು ನಿಮ್ಮ ಸಂಸ್ಥೆಗೆ ಒಂದು ಆಸ್ತಿಯಾಗುತ್ತಾರೆ ಎಂಬುದರಲ್ಲಿ ಸಂಶಯವಿಲ್ಲ.

ಓದಿದರೆ ಚೆನ್ನಾಗಿಯೇ ಇದೆ. ಆದರೆ ಹೆಸರು ಬದಲಾಯಿಸಿದರೆ ಯಾರಿಗೆ ಬೇಕಾದರೂ ಕೊಡಬಹುದು. ಹುಡುಗಿ ನಿಜವಾಗಿಯೂ ಚುರುಕು. ಎಲ್ಲಿಂದ ಶುರು ಮಾಡಲಿ?

ಪಟಾಕಿ ಪಾಂಡು

ಇದರಲ್ಲಿ ಯೋಚನೆ ಮಾಡೋದು ಏನಿದೆ ಮೇಡಂ? ನಂಬರ್ ತುಂಬಿ. ಸಿಜಿಪಿಎ ಎಷ್ಟು, ಕ್ಲಾಸಿನಲ್ಲಿ ಎಷ್ಟನೇ ರ‍್ಯಾಂಕು, ಅಟೆಂಡೆನ್ಸ್ ಎಷ್ಟು, ಯಾವ ಪೇಪರಿನಲ್ಲಿ ಎಷ್ಟು ಮಾರ್ಕ್ಸು, ಎಲ್ಲಾ ಹಾಕಿ. ಕೊನೆಗೆ "ನಾನು ಕಂಡ ಟಾಪ್ 1% ವಿದ್ಯಾರ್ಥಿಗಳಲ್ಲಿ ಒಬ್ಬರು" ಅಂತ ಒಂದು ಸಾಲು. ಅಂಕಿ ಇದ್ದರೆ ಯಾರೂ ಪ್ರಶ್ನೆ ಮಾಡಲ್ಲ.

ಹಳೆ ಚಾಳೀಸು

ಪಾಂಡು ಹೇಳಿದ್ದರಲ್ಲಿ ಅರ್ಧ ಸರಿ. ಅಂಕಿ ಬೇಕು, ಆದರೆ ಆ ಅಂಕಿಗಳಲ್ಲ. ಪ್ರವೇಶ ಸಮಿತಿಯಲ್ಲಿ ಕೂತು ಇಂಥ ಪತ್ರಗಳನ್ನು ರಾಶಿ ರಾಶಿ ಓದಿದವನು ನಾನು. ಸಿಜಿಪಿಎ, ರ‍್ಯಾಂಕು ಮಾರ್ಕ್ಸ್ ಕಾರ್ಡಿನಲ್ಲೇ ಇರುತ್ತದೆ, ಅದು ಪಕ್ಕದ ಪುಟದಲ್ಲೇ ತೆರೆದಿರುತ್ತದೆ. ಪತ್ರವೂ ಅದನ್ನೇ ಹೇಳಿದರೆ "ಈ ಪ್ರೊಫೆಸರಿಗೆ ಹುಡುಗಿ ಪರಿಚಯವೇ ಇಲ್ಲ, ಕಾರ್ಡು ನೋಡಿ ಬರೆದಿದ್ದಾರೆ" ಅನ್ನಿಸುತ್ತದೆ. ಅಟೆಂಡೆನ್ಸ್ ಇನ್ನೂ ಕೆಟ್ಟದ್ದು. ಪಿಎಚ್‌ಡಿ ಅರ್ಜಿಯ ಪತ್ರದಲ್ಲಿ "ತಪ್ಪದೆ ಕ್ಲಾಸಿಗೆ ಬರುತ್ತಾರೆ" ಅಂತ ಕಂಡರೆ, ಹೇಳೋಕೆ ಬೇರೆ ಏನೂ ಸಿಗಲಿಲ್ಲ ಅಂತಲೇ ಓದುತ್ತಾರೆ. ಸಣ್ಣ ಹೊಗಳಿಕೆ ಕೆಲವೊಮ್ಮೆ ಬೈಗುಳಕ್ಕಿಂತ ಜಾಸ್ತಿ ಹಾನಿ ಮಾಡುತ್ತದೆ.

ಲ್ಯಾಬ್‌ಮೂಲೆ ಅವರೇ, ಡ್ರಾಫ್ಟ್ ಪ್ರಿಂಟ್ ತೆಗೆದು ಹೊಗಳುವ ಪ್ರತಿ ಪದದ ಕೆಳಗೆ ಗೆರೆ ಎಳೆಯಿರಿ. ಶ್ರದ್ಧೆ, ಪರಿಶ್ರಮ, ಪ್ರತಿಭೆ, ಸಮಯಕ್ಕೆ ಸರಿಯಾಗಿ, ವಿಶ್ಲೇಷಣಾ ಶಕ್ತಿ, ಅತ್ಯುತ್ತಮ, ಹೊಂದಿಕೊಂಡು ಹೋಗುವುದು. ಪ್ರತಿಯೊಂದರ ಪಕ್ಕದಲ್ಲಿ "ಇದು ನಿಮಗೆ ಹೇಗೆ ಗೊತ್ತು?" ಅಂತ ಬರೆದು ಉತ್ತರ ಹುಡುಕಿ. ಉತ್ತರ ಅಂದರೆ ಒಂದು ದಿನ ನಡೆದ ಘಟನೆ, ನಿಮ್ಮ ಕಣ್ಣಿಗೆ ಬಿದ್ದದ್ದು. ಉತ್ತರ ಸಿಗದ ಪದ ಹೊಡೆದುಹಾಕಿ. ಏಳರಲ್ಲಿ ಎರಡು ಮೂರು ಉಳಿದರೆ ಸಾಕು. ಲ್ಯಾಬ್ ನೋಟ್‌ಬುಕ್, ಹಳೆಯ ಈಮೇಲು, ರಿಪೋರ್ಟಿನ ಮೇಲೆ ನೀವೇ ಬರೆದ ಟಿಪ್ಪಣಿ ಎಲ್ಲಾ ಒಮ್ಮೆ ತಿರುವಿ ಹಾಕಿ. ನೆನಪಿಗಿಂತ ಅವು ನಂಬಿಕಸ್ತ.

ಆಮೇಲೆ ಇಲ್ಲಿ ಬಂದು ಹೇಳಿ: ಪ್ರಾಜೆಕ್ಟಿನಲ್ಲಿ ಅವಳು ಮಾಡಿದ, ಬೇರೆಯವರು ಮಾಡದೇ ಇರಬಹುದಾಗಿದ್ದ ಒಂದು ಕೆಲಸ ಯಾವುದು?

ರಾಜೀನಾಮೆ ರಾಜ

ನಂದೂ ಇದೇ ಸಮಸ್ಯೆ. ಹಳೆಯ ಕಂಪನಿಯವರು ಎಕ್ಸ್‌ಪೀರಿಯನ್ಸ್ ಲೆಟರಿನಲ್ಲಿ ಬರೀ ತಾರೀಖು, ಹುದ್ದೆ ಹಾಕಿ ಕೊಟ್ಟಿದ್ದಾರೆ. ಒಂದು ಒಳ್ಳೆ ಮಾತಿಲ್ಲ. ವಾಪಸ್ ಕಳಿಸಿ ಉದಾಹರಣೆ ಸೇರಿಸಿ ಅಂತ ಕೇಳಬಹುದಾ?

ಗೆರೆ ಎಳೆದವಳು

ರಾಜ ಅವರೇ, ಅದು ಬೇರೆ. ಎಕ್ಸ್‌ಪೀರಿಯನ್ಸ್ ಲೆಟರ್ ಅಂದರೆ ಕೆಲಸ ಮಾಡಿದ್ದೀರಿ ಅನ್ನೋದಕ್ಕೆ ದಾಖಲೆ ಅಷ್ಟೇ. ಅದರಲ್ಲಿ ತಾರೀಖು, ಹುದ್ದೆ ಇದ್ದರೆ ಅದರ ಕೆಲಸ ಆಯಿತು. ಹೊಗಳಿಕೆ ಬೇಕಿದ್ದರೆ ನಿಮ್ಮ ಹಳೆಯ ಮ್ಯಾನೇಜರ್ ಹತ್ತಿರ ಬೇರೆಯಾಗಿಯೇ ಕೇಳಬೇಕು.

ಲ್ಯಾಬ್‌ಮೂಲೆ

ಚಾಳೀಸು ಸರ್, ನೋಟ್‌ಬುಕ್ ತೆಗೆದು ನೋಡಿದೆ. ಒಂದು ಘಟನೆ ಇದೆ, ಸ್ವಲ್ಪ ಉದ್ದ.

ನಾಲ್ವರ ತಂಡ. ಛಾವಣಿಗೆ ಬಳಿಯುವ ಎರಡು ಬಗೆಯ ಲೇಪನಗಳಲ್ಲಿ ಯಾವುದು ಕಮ್ಮಿ ಬಿಸಿಯಾಗುತ್ತದೆ ಅಂತ ಅಳೆಯುವುದು ಪ್ರಾಜೆಕ್ಟು. ಒಟ್ಟು 12 ತಾಪಮಾನ ಸೆನ್ಸರ್. ದಿನಾ ಮಧ್ಯಾಹ್ನದ ಮೇಲೆ ಸುಮಾರು ಅರ್ಧ ಗಂಟೆ 3 ಸೆನ್ಸರುಗಳು ಮಾತ್ರ 6 ಡಿಗ್ರಿಯಷ್ಟು ಜಿಗಿಯುತ್ತಿದ್ದವು. ಉಳಿದ ಮೂವರು "ಔಟ್‌ಲೈಯರ್, ತೆಗೆದುಹಾಕೋಣ" ಎಂದರು. ಇವಳು ಒಪ್ಪಲಿಲ್ಲ. ಆ ಮೂರೂ ಪಶ್ಚಿಮದ ಅಂಚಿನಲ್ಲಿವೆ, ನೆರಳಿನ ತಗಡು ಗಿಡ್ಡ ಇರೋದರಿಂದ ಇಳಿಬಿಸಿಲು ನೇರ ಬೀಳುತ್ತಿರಬಹುದು ಎಂದಳು. ವಾದ ಮಾಡುತ್ತಾ ಕೂರಲಿಲ್ಲ. ಮೂರರಲ್ಲಿ ಒಂದಕ್ಕೆ ರಟ್ಟು ಅಡ್ಡ ಕಟ್ಟಿ, ಎರಡನ್ನು ಹಾಗೇ ಬಿಟ್ಟಳು. ಮಾರನೇ ದಿನ ರಟ್ಟು ಕಟ್ಟಿದ್ದು ಜಿಗಿಯಲಿಲ್ಲ, ಉಳಿದೆರಡು ಜಿಗಿದವು.

ಆಮೇಲೆ ಎಲ್ಲಾ 12ಕ್ಕೂ ಸರಿಯಾದ ನೆರಳು ಮಾಡಿ ಎರಡು ವಾರ ಹೊಸದಾಗಿ ಡೇಟಾ ತೆಗೆದರು. ಮೊದಲು ಎರಡು ಲೇಪನಗಳ ನಡುವೆ 4 ಡಿಗ್ರಿ ವ್ಯತ್ಯಾಸ ಕಂಡಿತ್ತು. ಹೊಸ ಲೆಕ್ಕದಲ್ಲಿ 2.5 ಆಯಿತು. ರಿಪೋರ್ಟಿಗೆ ಚಿಕ್ಕ ಅಂಕಿಯನ್ನೇ ಹಾಕಿದಳು. ಇದರಿಂದ ರಿಪೋರ್ಟ್ ಒಂದು ವಾರ ತಡವಾಯಿತು.

ಹಳೆ ಚಾಳೀಸು

ಇಷ್ಟು ಕೈಯಲ್ಲಿ ಇಟ್ಟುಕೊಂಡು "ಅತ್ಯುತ್ತಮ ಕೆಲಸ ಮಾಡಿದ್ದಾರೆ" ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಲ್ಲಾ!

ಈಗ ಡ್ರಾಫ್ಟ್ ಪಕ್ಕದಲ್ಲಿಟ್ಟು ನೋಡಿ. ಎರಡು ಕಡೆ ಡ್ರಾಫ್ಟ್ ನಿಜಕ್ಕೇ ವಿರುದ್ಧ ಹೋಗಿದೆ. ಒಂದು, "ಯಾವಾಗಲೂ ಸಮಯಕ್ಕೆ ಸರಿಯಾಗಿ". ರಿಪೋರ್ಟ್ ತಡವಾಗಿದೆ ಅಂತ ನೀವೇ ಹೇಳುತ್ತಿದ್ದೀರಿ. ಸಂದರ್ಶನದಲ್ಲಿ ಅವಳೇ ಈ ಕಥೆ ಹೇಳಿದರೆ ಪತ್ರ ಸುಳ್ಳಾಗುತ್ತದೆ. ಎರಡು, "ಎಲ್ಲರೊಂದಿಗೆ ಹೊಂದಿಕೊಂಡು ಹೋಗುವ ಸ್ವಭಾವ". ಅವಳು ಮಾಡಿದ್ದು ಹೊಂದಿಕೊಂಡು ಹೋಗೋದಲ್ಲ. ಮೂವರು ಒಂದು ಕಡೆ ಇದ್ದಾಗ ಒಬ್ಬಳೇ ನಿಂತು, ಜಗಳ ಆಡದೆ ಒಂದು ಪರೀಕ್ಷೆಯಿಂದ ಒಪ್ಪಿಸಿದ್ದು. ಸಂಶೋಧನೆಗೆ ಬೇಕಾಗಿರೋದೂ ಇದೇ. ಹಾಗಾಗಿ ಆ ಎರಡೂ ವಾಕ್ಯ ತೆಗೆಯಿರಿ. ಈ ಘಟನೆಯೊಂದೇ "ವಿಶ್ಲೇಷಣಾ ಶಕ್ತಿ", "ಶ್ರದ್ಧೆ", "ತಂಡದ ಕೆಲಸ" ಮೂರನ್ನೂ ಹೊರುತ್ತದೆ.

ಒಂದು ಪ್ಯಾರಾ ಬರೆದು ಹಾಕಿ, ನೋಡೋಣ.

ಲ್ಯಾಬ್‌ಮೂಲೆ

ಮೊದಲ ಪ್ರಯತ್ನ:

> ಇವರ ಅಸಾಧಾರಣ ವಿಶ್ಲೇಷಣಾ ಶಕ್ತಿಗೆ ಒಂದು ಅತ್ಯುತ್ತಮ ಉದಾಹರಣೆ ಎಂದರೆ, 12 ಸೆನ್ಸರುಗಳ ಡೇಟಾ ಲಾಗರ್ ವ್ಯವಸ್ಥೆಯಲ್ಲಿ ಪಶ್ಚಿಮ ಅಂಚಿನ 3 ಸೆನ್ಸರುಗಳಲ್ಲಿ ಕಂಡ 6 ಡಿಗ್ರಿ ಏರಿಕೆಯನ್ನು ಇವರು ಅದ್ಭುತವಾಗಿ ಪತ್ತೆಹಚ್ಚಿ, ವಿಕಿರಣ ತಡೆಯ ಲೋಪವೆಂದು ಗುರುತಿಸಿ, ಅತ್ಯಂತ ಶ್ರಮವಹಿಸಿ ಸರಿಪಡಿಸಿದರು.

ಗೆರೆ ಎಳೆದವಳು

ನಾನು ಪತ್ರಿಕೆಯಲ್ಲಿ ಕಾಪಿ ತಿದ್ದುವವಳು, ಭೌತಶಾಸ್ತ್ರ ಗೊತ್ತಿಲ್ಲ. ಆ ದೃಷ್ಟಿಯಿಂದ ಹೇಳ್ತೀನಿ.

ಅಸಾಧಾರಣ, ಅತ್ಯುತ್ತಮ, ಅದ್ಭುತ, ಅತ್ಯಂತ. ಒಂದೇ ವಾಕ್ಯದಲ್ಲಿ ನಾಲ್ಕು. ಘಟನೆ ಬಂದಮೇಲೂ ಹಳೆಯ ಪದಗಳನ್ನು ಬಿಡಲಿಲ್ಲ ನೀವು. ನಾಲ್ಕನ್ನೂ ತೆಗೆದು ಓದಿ, ಏನೂ ಕಮ್ಮಿಯಾಗಲ್ಲ. ಇನ್ನೊಂದು, ನೀವು ಮೇಲೆ ಸುಮ್ನೆ ಹೇಳಿದ ಕಥೆಯಲ್ಲಿ ನನಗೆ ಖುಷಿ ಕೊಟ್ಟದ್ದು ರಟ್ಟು. ಒಂದಕ್ಕೆ ಕಟ್ಟಿ ಎರಡನ್ನು ಬಿಟ್ಟದ್ದು. ಅದೇ ಈ ಪ್ಯಾರಾದಿಂದ ಮಾಯ! ಬದಲಿಗೆ "ವಿಕಿರಣ ತಡೆಯ ಲೋಪ" ಬಂದಿದೆ. ಸಹಪಾಠಿಗಳು ಬೇರೆ ಹೇಳಿದ್ದರು ಅನ್ನೋದೂ ಇಲ್ಲ. ಅದಿಲ್ಲದೆ ಅವಳು ಮಾಡಿದ್ದು ಕಷ್ಟದ್ದು ಅಂತ ಓದುಗರಿಗೆ ಹೇಗೆ ಗೊತ್ತಾಗಬೇಕು?

ಹಳೆ ಚಾಳೀಸು

ಸರಿಯಾಗಿ ಹಿಡಿದಿರಿ. ಪತ್ರ ಓದುವ ಸಮಿತಿಯಲ್ಲಿ ಎಲ್ಲರೂ ಅದೇ ವಿಷಯದವರಾಗಿರಲ್ಲ. ಉಪಕರಣದ ವಿವರ ಕಮ್ಮಿ ಮಾಡಿ, ಅವಳು ತೆಗೆದುಕೊಂಡ ನಿರ್ಧಾರದ ವಿವರ ಜಾಸ್ತಿ ಮಾಡಿ. ಏನು ಕಂಡಿತು, ಬೇರೆಯವರು ಏನು ಮಾಡಲು ಹೊರಟಿದ್ದರು, ಅವಳು ಏನು ಮಾಡಿದಳು, ಅದರಿಂದ ಏನು ಬದಲಾಯಿತು. ಈ ಕ್ರಮದಲ್ಲಿ ಹೋದರೆ ಐದಾರು ವಾಕ್ಯದಲ್ಲಿ ಮುಗಿಯುತ್ತದೆ.

ನೋಟ್ಸ್ ಕಳೆದುಕೊಂಡವನು

ನಾನು ವಿದ್ಯಾರ್ಥಿ. ನಮ್ಮ ಮೇಷ್ಟ್ರು "ನೀನೇ ಬರೆದು ತಾ, ಸೈನ್ ಹಾಕ್ತೀನಿ" ಎಂದಿದ್ದಾರೆ. ನನ್ನನ್ನು ನಾನೇ "ಅಸಾಧಾರಣ" ಅಂತ ಬರೆದುಕೊಳ್ಳೋಕೆ ನಾಚಿಕೆ. ಬರೆಯದಿದ್ದರೆ ಸಪ್ಪೆ. ಏನು ಮಾಡ್ಲಿ?

ಹಳೆ ಚಾಳೀಸು

ಪತ್ರ ಬರೆಯಬೇಡಿ. ಒಂದು ಪುಟದಲ್ಲಿ ನಡೆದದ್ದನ್ನು ಮಾತ್ರ ಬರೆದುಕೊಡಿ. ಯಾವ ಸೆಮಿಸ್ಟರಿನಲ್ಲಿ ಯಾವ ಕೋರ್ಸ್, ಅವರ ಮುಂದೆ ಏನು ಪ್ರೆಸೆಂಟ್ ಮಾಡಿದಿರಿ, ಅವರು ಏನು ಕೇಳಿದರು, ಆಮೇಲೆ ನೀವು ಏನು ಬದಲಾಯಿಸಿದಿರಿ. "ಸರ್, ನಿಮಗೆ ನೆನಪಿಗೆ ಅನುಕೂಲ ಆಗಲಿ ಅಂತ" ಎಂದು ಕೊಡಿ. ತೂಕದ ಮಾತು ಅವರದೇ ಆಗಿರಲಿ. ಒಬ್ಬನೇ ಹುಡುಗ ಬರೆದ ಮೂರು ಪತ್ರ ಮೂರು ಸಹಿಗಳಲ್ಲಿ ಬಂದರೆ, ಶೈಲಿ ನೋಡಿದ ಕೂಡಲೇ ಗೊತ್ತಾಗುತ್ತದೆ.

ಪಟಾಕಿ ಪಾಂಡು

ಎಲ್ಲರೂ ಹಾಗೇ ಮಾಡ್ತಾರೆ ಸರ್. ಮೇಷ್ಟ್ರಿಗೆ ಟೈಮ್ ಇಲ್ಲ ಅಂದಮೇಲೆ ಏನು ಮಾಡೋದು? ಅವರು ಓದಿ ಒಪ್ಪಿ ಸಹಿ ಹಾಕಿದರೆ ಅದು ಅವರ ಪತ್ರವೇ ಅಲ್ವಾ?

ಹಳೆ ಚಾಳೀಸು

ಓದಿ ಒಪ್ಪಿದರೆ ಒಂದು ಮಟ್ಟಿಗೆ ಹೌದು. ಓದದೇ ಹಾಕುವವರೇ ಜಾಸ್ತಿ, ಕಷ್ಟ ಇರೋದು ಅಲ್ಲಿ. ಅಮೆರಿಕದ ವಿಶ್ವವಿದ್ಯಾಲಯಗಳ ಅರ್ಜಿಗಳಲ್ಲಂತೂ "ಈ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ" ಅಂತ ವಿದ್ಯಾರ್ಥಿಯನ್ನೇ ಕೇಳುತ್ತಾರೆ. ಬಿಟ್ಟುಕೊಟ್ಟೆ ಅಂತ ಟಿಕ್ ಹಾಕಿ ಪತ್ರ ತಾವೇ ಬರೆದರೆ ಏನನ್ನಬೇಕು?

ಚಾವಡಿ ಚಂದ್ರಿ

ನನಗೆ ಮೂಲ ಪ್ರಶ್ನೆಯಲ್ಲೇ ಒಂದು ಅನುಮಾನ. ರಟ್ಟು ಕಟ್ಟಿದ್ದನ್ನು ನೋಡಿದವರು ಲ್ಯಾಬ್‌ಮೂಲೆ ಮೇಡಂ. ಸಹಿ ಹಾಕುವವರು ಪ್ರೊಫೆಸರ್. "ನಾನು ಕಂಡೆ" ಅಂತ ಅವರ ಬಾಯಲ್ಲಿ ಹೇಳಿಸಿದರೆ ಅದು ಸುಳ್ಳಾಗಲ್ವಾ?

ಲ್ಯಾಬ್‌ಮೂಲೆ

ನನಗೂ ಅದೇ ಕಾಡುತ್ತಿತ್ತು. ಸರ್ ಅವರನ್ನೇ ಕೇಳಿದೆ, "ನಿಮಗೆ ಅವಳ ಬಗ್ಗೆ ಏನು ನೆನಪಿದೆ?" ಅಂತ. ತಕ್ಷಣ ಹೇಳಿದ್ದು ವೈವಾದ ದಿನದ ಮಾತು. "ಮಧ್ಯದ ರಿವ್ಯೂನಲ್ಲಿ 4 ಡಿಗ್ರಿ ಎಂದಿದ್ದೆಯಲ್ಲಾ, ಈಗ ಯಾಕೆ 2.5" ಎಂದು ಅವರೇ ಕೇಳಿದ್ದರಂತೆ. ಅವಳು ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟು, ಮೊದಲಿನದು ಯಾಕೆ ತಪ್ಪು ಅಂತ ತೋರಿಸಿದಳಂತೆ. ಹಾಗೆ ತೋರಿಸೋಕೆ ಸ್ಲೈಡ್ ಮೊದಲೇ ಮಾಡಿಟ್ಟುಕೊಂಡಿದ್ದಳು ಅಂತ ಅವರಿಗೆ ಇನ್ನೂ ನೆನಪಿದೆ.

ಹಳೆ ಚಾಳೀಸು

ಹಾಗಿದ್ದರೆ ಗಂಟು ಬಿಚ್ಚಿತು. ವೈವಾ ಅವರ ಕಣ್ಣಲ್ಲಿ, ರಟ್ಟು ನಿಮ್ಮ ಮಾತಿನಲ್ಲಿ ಬರಲಿ. "ದಿನನಿತ್ಯ ಮಾರ್ಗದರ್ಶನ ಮಾಡಿದ ನನ್ನ ಸಹೋದ್ಯೋಗಿ ತಿಳಿಸಿದಂತೆ" ಅಂತ ಒಂದು ಸಣ್ಣ ತುಂಡು ಸೇರಿಸಿ. ಅದರಿಂದ ಪತ್ರದ ತೂಕ ಇಳಿಯಲ್ಲ. ಯಾರು ಏನು ನೋಡಿದರು ಅಂತ ಬಿಡಿಸಿ ಹೇಳಿದರೆ ಓದುಗರಿಗೆ ನಂಬಿಕೆಯೇ ಹೆಚ್ಚುತ್ತದೆ. ಕೆಲವು ಕಡೆ ಇಬ್ಬರೂ ಸಹಿ ಹಾಕಿ ಕಳಿಸುತ್ತಾರೆ, ಅದೂ ಆಗಬಹುದು.

ಪಾಂಡು ಹೇಳಿದ "ಟಾಪ್ 1%" ಬಗ್ಗೆ ಒಂದು ಮಾತು ಬಾಕಿ ಇತ್ತು. ಹೋಲಿಕೆ ಒಳ್ಳೆಯದೇ, ಆದರೆ ಯಾರ ಜೊತೆ ಹೋಲಿಸುತ್ತಿದ್ದೀರಿ ಅಂತ ಹೇಳಬೇಕು. ಸರ್ ಇಲ್ಲಿಯವರೆಗೆ ಎಷ್ಟು ಜನರ ಪ್ರಾಜೆಕ್ಟ್ ನೋಡಿದ್ದಾರೆ ಅಂತ ಕೇಳಿ. 40 ಜನ ಅಂದರೆ ಅದರಲ್ಲಿ 1% ಅಂದರೆ ಅರ್ಧ ಮನುಷ್ಯನೂ ಇಲ್ಲ! "ಕಳೆದ 8 ವರ್ಷಗಳಲ್ಲಿ ನಾನು ಪ್ರಾಜೆಕ್ಟ್ ನೋಡಿಕೊಂಡ ಸುಮಾರು 40 ಜನರಲ್ಲಿ ಮೊದಲ ಮೂವರಲ್ಲಿ ಒಬ್ಬರು" ಅನ್ನಿ. ಚಿಕ್ಕದಾಗಿ ಕಂಡರೂ ಅದು ನಿಲ್ಲುವ ಮಾತು. ಹಲವು ಅರ್ಜಿಗಳಲ್ಲಿ ಪತ್ರದ ಜೊತೆ ಒಂದು ಆನ್‌ಲೈನ್ ಫಾರ್ಮೂ ಇರುತ್ತದೆ. ಅಲ್ಲಿ ಟಾಪ್ 5%, ಟಾಪ್ 10% ಅಂತ ಟಿಕ್ ಹಾಕಬೇಕು. ಪತ್ರದಲ್ಲಿ ಆಕಾಶಕ್ಕೆ ಏರಿಸಿ, ಫಾರ್ಮಿನಲ್ಲಿ ಟಾಪ್ 25% ಟಿಕ್ ಹಾಕಿದವರನ್ನೂ ನೋಡಿದ್ದೇನೆ. ಸಮಿತಿ ಟಿಕ್ ಅನ್ನೇ ನಂಬುತ್ತದೆ.

ಚಾವಡಿ ಚಂದ್ರಿ

ಇನ್ನೊಂದು. ಡ್ರಾಫ್ಟಿನಲ್ಲಿ ಮೊದಲು ಬರುವ ಪದಗಳೇ "ಶ್ರದ್ಧೆ, ಪರಿಶ್ರಮ". ಹುಡುಗಿಯರ ಪತ್ರಗಳಲ್ಲಿ ಇದು ತೀರಾ ಜಾಸ್ತಿ. 2003ರಲ್ಲಿ ಟ್ರಿಕ್ಸ್ ಮತ್ತು ಸೆಂಕಾ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಬೋಧಕ ಹುದ್ದೆಗಳಿಗೆ ಬಂದ 300ಕ್ಕೂ ಹೆಚ್ಚು ಪತ್ರಗಳನ್ನು ಪರಿಶೀಲಿಸಿದ್ದರು. ಹೆಂಗಸರ ಪತ್ರಗಳು ಸರಾಸರಿಯಲ್ಲಿ ಗಿಡ್ಡವಾಗಿದ್ದವು, ಅನುಮಾನ ಹುಟ್ಟಿಸುವ ಮಾತುಗಳು ಜಾಸ್ತಿ ಇದ್ದವು. ಕಷ್ಟಪಟ್ಟು ದುಡಿಯುತ್ತಾರೆ ಅನ್ನುವ ಬಗೆಯ ಮಾತೂ ಹೆಂಗಸರಿಗೇ ಹೆಚ್ಚು. ಬರೆದವರು ಬೇಕಂತ ಮಾಡಿರಲ್ಲ, ಕೈ ತಾನಾಗೇ ಹಾಗೆ ಓಡುತ್ತದೆ. ಇದೇ ಪ್ರೊಫೆಸರ್ ಒಬ್ಬ ಹುಡುಗನಿಗೆ ಬರೆದ ಹಳೆಯ ಪತ್ರ ಇದ್ದರೆ ಪಕ್ಕದಲ್ಲಿಟ್ಟು ನೋಡಿ.

ಪಟಾಕಿ ಪಾಂಡು

ಕಷ್ಟಪಡ್ತಾರೆ ಅನ್ನೋದು ಯಾವಾಗಿಂದ ತಪ್ಪಾಯ್ತು?

ಚಾವಡಿ ಚಂದ್ರಿ

ತಪ್ಪಲ್ಲ. ಆದರೆ ಬುದ್ಧಿಯ ಬಗ್ಗೆ ಏನೂ ಹೇಳದೆ ಬರೀ ದುಡಿಮೆ ಹೇಳಿದರೆ, "ಬುದ್ಧಿ ಅಷ್ಟಕ್ಕಷ್ಟೇ, ಪಾಪ ಕಷ್ಟಪಡ್ತಾಳೆ" ಅಂತ ಆಗುತ್ತದೆ. ರಟ್ಟಿನ ಕಥೆಯಲ್ಲಿ ಇರೋದು ಬುದ್ಧಿ. ಅದನ್ನು ಮುಂದಿಡಿ.

ಲ್ಯಾಬ್‌ಮೂಲೆ

ಎಲ್ಲಾ ಸೇರಿಸಿ ಮತ್ತೆ ಬರೆದೆ. 40, 8 ಎರಡೂ ಸರ್ ಹತ್ತಿರ ಕೇಳಿಯೇ ಹಾಕಿದ್ದು, ಚಾಳೀಸು ಸರ್ ಅಂದಾಜು ಹೆಚ್ಚುಕಮ್ಮಿ ಸರಿಯಾಗೇ ಇತ್ತು!

> ಇವರು ಎಂಎಸ್ಸಿಯ ಎರಡು ವರ್ಷ ನನ್ನ ವಿಭಾಗದಲ್ಲಿದ್ದರು. ನಾನು ಇವರಿಗೆ ಒಂದು ಕೋರ್ಸ್ ಕಲಿಸಿದ್ದೇನೆ, ಅಂತಿಮ ಪ್ರಾಜೆಕ್ಟಿನ ವೈವಾ ನಡೆಸಿದ್ದೇನೆ.
>
> ಛಾವಣಿಯ ಎರಡು ಲೇಪನಗಳನ್ನು ಹೋಲಿಸುವ ಈ ಪ್ರಾಜೆಕ್ಟಿನಲ್ಲಿ 12 ಸೆನ್ಸರುಗಳ ಪೈಕಿ 3 ದಿನವೂ ಒಂದೇ ಹೊತ್ತಿಗೆ ಅಸಹಜವಾಗಿ ಏರುತ್ತಿದ್ದವು. ತಂಡದ ಉಳಿದ ಮೂವರು ಆ ಅಳತೆಗಳನ್ನು ಕೈಬಿಡಲು ಬಯಸಿದರು. ದಿನನಿತ್ಯ ಮಾರ್ಗದರ್ಶನ ಮಾಡಿದ ನನ್ನ ಸಹೋದ್ಯೋಗಿ ತಿಳಿಸಿದಂತೆ, ನೇರ ಬಿಸಿಲು ಕಾರಣವಿರಬಹುದೆಂದು ಊಹಿಸಿದ ಇವರು ಒಂದು ಸೆನ್ಸರಿಗೆ ರಟ್ಟು ಅಡ್ಡ ಕಟ್ಟಿ, ಎರಡನ್ನು ಹಾಗೇ ಬಿಟ್ಟರು. ಮಾರನೇ ದಿನ ರಟ್ಟು ಕಟ್ಟಿದ ಸೆನ್ಸರ್ ಮಾತ್ರ ಸರಿಯಾಗಿತ್ತು. ತಂಡ ಒಪ್ಪಿ, ಎರಡು ವಾರ ಹೊಸದಾಗಿ ಅಳತೆ ತೆಗೆಯಿತು.
>
> ವೈವಾದಲ್ಲಿ, ಮೊದಲು ವರದಿ ಮಾಡಿದ 4 ಡಿಗ್ರಿ ವ್ಯತ್ಯಾಸ 2.5ಕ್ಕೆ ಇಳಿದದ್ದೇಕೆ ಎಂದು ನಾನು ಕೇಳಿದೆ. ಇವರು ಎರಡೂ ಗ್ರಾಫ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ತಮ್ಮ ಮೊದಲ ಫಲಿತಾಂಶ ಎಲ್ಲಿ ತಪ್ಪಿತ್ತೆಂದು ತೋರಿಸಿದರು. ಆ ಸ್ಲೈಡನ್ನು ಪ್ರಶ್ನೆ ಬರುವ ಮೊದಲೇ ಸಿದ್ಧಮಾಡಿಕೊಂಡಿದ್ದರು. ಕಳೆದ 8 ವರ್ಷಗಳಲ್ಲಿ ನಾನು ನೋಡಿದ ಸುಮಾರು 40 ಪ್ರಾಜೆಕ್ಟ್ ವಿದ್ಯಾರ್ಥಿಗಳಲ್ಲಿ, ಸ್ವಂತ ಫಲಿತಾಂಶವನ್ನು ಅನುಮಾನಿಸಿ ಪರೀಕ್ಷಿಸುವುದರಲ್ಲಿ ಇವರು ಮೊದಲ ಮೂವರಲ್ಲಿ ಒಬ್ಬರು.

ಒಂದು ಗೊಂದಲ ಉಳಿದಿದೆ. ರಿಪೋರ್ಟ್ ತಡವಾದದ್ದನ್ನು ಬರೆಯಬೇಕಾ? ಅವಳ ಬರವಣಿಗೆಯೂ ಸ್ವಲ್ಪ ನಿಧಾನ.

ಗೆರೆ ಎಳೆದವಳು

ಬರೆಯಿರಿ. "ಇದಕ್ಕಾಗಿ ರಿಪೋರ್ಟ್ ಒಂದು ವಾರ ತಡವಾಯಿತು, ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ" ಅಂತ. ಒಂದೇ ಒಂದು ಕೊರತೆಯೂ ಇಲ್ಲದ ಪತ್ರವನ್ನು ನಾನಾದರೆ ನಂಬಲ್ಲ.

ಹಳೆ ಚಾಳೀಸು

ನಾನು ಒಪ್ಪಲ್ಲ. ಫಾರ್ಮಿನಲ್ಲಿ ದೌರ್ಬಲ್ಯ ಕೇಳಿದ್ದರೆ ಮಾತ್ರ ಬರೆಯಿರಿ. ಉಳಿದ ಪತ್ರಗಳೆಲ್ಲ ಬರೀ ಹೊಗಳುತ್ತಿರುವಾಗ, ಒಂದರಲ್ಲಿ "ತಡ" ಅಂತ ಕಂಡರೆ ಸುಸ್ತಾದ ಓದುಗನ ಕಣ್ಣು ಆ ಪದದ ಮೇಲೇ ನಿಲ್ಲುತ್ತದೆ. ಪ್ರಾಮಾಣಿಕತೆಗೆ ಬೆಲೆ ತೆರುವವಳು ಅವಳು, ನಾವಲ್ಲ.

ಗೆರೆ ಎಳೆದವಳು

ಹಾಗಂದರೆ ಎರಡು ವಾರ ಹೊಸ ಅಳತೆ ಅನ್ನೋದರ ಬೆಲೆ ಏನು ಅಂತ ಓದುಗರಿಗೆ ಗೊತ್ತಾಗೋದೇ ಇಲ್ಲವಲ್ಲ ಸರ್.

ಚಾವಡಿ ಚಂದ್ರಿ

ತಡವಾದದ್ದು ಹಾಕಬಹುದು, ಅದಕ್ಕೆ ಕಾರಣ ಜೊತೆಗೇ ಇದೆ. "ಬರವಣಿಗೆ ನಿಧಾನ" ಹಾಕಬೇಡಿ. ಅದಕ್ಕೆ ಕಾರಣವೂ ಇಲ್ಲ, ಉದಾಹರಣೆಯೂ ಇಲ್ಲ. ಹೊಗಳಿಕೆಗೆ ಆಧಾರ ಕೇಳುವವರು ದೂರಿಗೂ ಕೇಳಬೇಕು ತಾನೇ?

ಲ್ಯಾಬ್‌ಮೂಲೆ

ಸರ್ ಓದಿದರು. ವೈವಾದ ಪ್ಯಾರಾ ಓದುವಾಗ ನಕ್ಕರು. ತಡವಾದ ವಿಷಯ "ನಾಳೆ ಯೋಚಿಸ್ತೀನಿ" ಅಂದಿದ್ದಾರೆ. "ಮೊದಲ ಮೂವರು" ಅನ್ನೋದನ್ನು "ಮೊದಲ ಐವರು" ಮಾಡಿದರು. ಹಳೆಯ ವಿದ್ಯಾರ್ಥಿಗಳ ಪಟ್ಟಿ ತೆಗೆದು ಎಣಿಸಿಯೇ ಮಾಡಿದ್ದು, ಹಾಗಾಗಿ ನಾನು ಏನೂ ಹೇಳಲಿಲ್ಲ. ಆದರೆ "ನಿಮ್ಮ ಸಂಸ್ಥೆಗೆ ಆಸ್ತಿ" ವಾಕ್ಯ ವಾಪಸ್ ಬೇಕೇ ಬೇಕಂತೆ. ಅದಿಲ್ಲದೆ ಪತ್ರ ಮುಗಿದ ಹಾಗೇ ಅನ್ನಿಸಲ್ಲವಂತೆ.

ಹಳೆ ಚಾಳೀಸು

ಎಣಿಸಿ ಐದು ಮಾಡಿದ ಪ್ರೊಫೆಸರಿಗೆ ಅಷ್ಟು ಬಿಟ್ಟುಕೊಡಿ. ಕೇಳಿ ನೋಡಿ, "ಅವಳನ್ನು ನಿಮ್ಮ ಲ್ಯಾಬಿಗೇ ಪಿಎಚ್‌ಡಿಗೆ ತಗೋತೀರಾ ಸರ್?" ಅಂತ. ಹೌದು ಅಂದರೆ ಅದನ್ನೇ ಬರೆಯಿರಿ, ಆಸ್ತಿಯ ಜಾಗಕ್ಕೆ ಚೆನ್ನಾಗಿ ಕೂರುತ್ತದೆ. ಯೋಚನೆಗೆ ಬಿದ್ದರೆ ಆಸ್ತಿಯೇ ಇರಲಿ ಬಿಡಿ.

ಲ್ಯಾಬ್‌ಮೂಲೆ

ಕೇಳಿದೆ ಸರ್. "ನಮ್ಮಲ್ಲಿ ಈ ವರ್ಷ ಸೀಟ್ ಇಲ್ಲವಲ್ಲಮ್ಮಾ, ಇದ್ದಿದ್ದರೆ ಪತ್ರ ಯಾಕೆ ಬರೀತಿದ್ದೆ" ಅಂದರು. ಅದನ್ನೇ ಸ್ವಲ್ಪ ನಯ ಮಾಡಿ ಕೊನೆಯ ಸಾಲಿಗೆ ಹಾಕುತ್ತಿದ್ದೇನೆ.